ಹಸಿ ಬೇರು, ಒಣ ಬೇರು

ಕಾಕಾ ಆ ಕರಾರು ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದಾಗ ನಾನು ಮೀಟಿಂಗ್‌ನಲ್ಲಿದ್ದೆ. ಆರು ಪುಟ. ಮೇಜಿನ ಕೆಳಗೆ ಫೋನ್ ಹಿಡ್ಕೊಂಡು ಮೊದಲ ಪುಟ ನೋಡಿದೆ. 'ರೈತನು ಬೆಳೆದ ಬೇರನ್ನು ಕಂಪನಿಯು ಕೆಜಿಗೆ 60 ರೂಪಾಯಿ ದರದಲ್ಲಿ ಮರಳಿ ಖರೀದಿಸುವುದು' ಅಂತಿತ್ತು. ಕೊನೆಯ ಪುಟ ನೋಡಿದೆ. ಸಹಿ, ನೋಟರಿ ಸೀಲು ಎಲ್ಲ ಇತ್ತು. 'ಸರಿ ಐತಿ ಕಾಕಾ' ಅಂತ ಟೈಪ್ ಮಾಡಿ ಫೋನ್ ಜೇಬಿಗೆ ಹಾಕಿದೆ.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸ ಏನು ಗೊತ್ತಾ? ಕಂಪನಿಗೆ ಬರೋ ವೆಂಡರ್ ಕಾಂಟ್ರಾಕ್ಟ್‌ಗಳನ್ನ ಓದೋದು. ಒಂದು ಅಲ್ಪವಿರಾಮಕ್ಕೆ ಮೂರು ಈಮೇಲ್ ಬರೆಯೋ ಮನುಷ್ಯ ನಾನು. ಮನೆಯವರ ಆರು ಪುಟಕ್ಕೆ ಎರಡು ನಿಮಿಷ ಕೊಟ್ಟಿದ್ದೆ.

ಬೆಳೆ ಮಕಂದಿ ಬೇರು. ಕಂಪನಿಯವರು ಕೋಲಿಯಸ್ ಅಂತಾರೆ. ಇದರ ಬೇರಿನಲ್ಲಿ ಫೋರ್ಸ್ಕೋಲಿನ್ ಅನ್ನೋ ಅಂಶ ಇರುತ್ತೆ, ಅದನ್ನ ತೆಗೆದು ಔಷಧಿಗೆ, ತೂಕ ಇಳಿಸೋ ಮಾತ್ರೆಗಳಿಗೆ ಬಳಸ್ತಾರೆ. ಬೆಳೆಯೇನೂ ಸುಳ್ಳಲ್ಲ. ಬೆಳಗಾವಿ ಸೀಮೆಯಲ್ಲಿ, ತಮಿಳುನಾಡಿನ ಸೇಲಂ ಕಡೆ ಇದನ್ನು ಬೆಳೆದು ದುಡ್ಡು ನೋಡಿದವರಿದ್ದಾರೆ. ನೀರು ನಿಲ್ಲದ ಕೆಂಪು ಮಣ್ಣು ಬೇಕು. ಕಾಕಾನ ಹೊಲ ಮಸಾರಿ, ಬೋರ್‌ವೆಲ್ ಇತ್ತು. ಅಲ್ಲಿಯವರೆಗೂ ಎಲ್ಲ ಸರಿಯಾಗೇ ಇತ್ತು.

ಏಜೆಂಟ್ ಕೊಟ್ಟ ಬಣ್ಣದ ಕರಪತ್ರದಲ್ಲಿ ಲೆಕ್ಕ ಹೀಗಿತ್ತು: ಎಕರೆಗೆ 8 ಟನ್ ಬೇರು, ಕೆಜಿಗೆ 60 ರೂಪಾಯಿ, ಐದು ತಿಂಗಳಲ್ಲಿ 4 ಲಕ್ಷದ 80 ಸಾವಿರ. ಖರ್ಚು ಅಂದ್ರೆ ಮುಖ್ಯವಾಗಿ ಸಸಿ. ಎರಡಡಿ ಸಾಲು, ಒಂದೂವರೆ ಅಡಿ ಅಂತರದಲ್ಲಿ ಎಕರೆಗೆ ಸುಮಾರು 15 ಸಾವಿರ ಕುಡಿ ನೆಡಬೇಕು. ಕುಡಿಗೆ 4 ರೂಪಾಯಿ, ಒಟ್ಟು 60 ಸಾವಿರ, ಮುಂಗಡ. ಕಾಕು ತನ್ನ ಪಾಟ್ಲಿ ಬಿಚ್ಚಿ ಕೊಟ್ಟಳು. ಅವು ಸೊಸೈಟಿಯಲ್ಲಿ ಅಡವಾದವು.

ಕಟಾವಿನ ಹೊತ್ತಿಗೆ ಕಾಕಾನ ಫೋನ್ ಬಂತು. ಆರೂವರೆ ಟನ್ ಬೇರು ಬಂದಿದೆ, ಆದರೆ ಏಜೆಂಟ್ ಒಣಗಿಸಿ ಕೊಡು ಅಂತಿದ್ದಾನೆ. 'ತಮ್ಮಾ, ಕಾಗದದಾಗ ಹಂಗ ಐತೇನ?'

ಆ ರಾತ್ರಿ ಆರೂ ಪುಟ ಓದಿದೆ. ನಾಲ್ಕನೇ ಪುಟದಲ್ಲಿ 'ವ್ಯಾಖ್ಯೆಗಳು' ಅಂತ ಒಂದು ಭಾಗ. ಅದರಲ್ಲಿ 'ಬೇರು ಎಂದರೆ ಮಣ್ಣು ತೆಗೆದು, ಕತ್ತರಿಸಿ, ನಿಗದಿತ ತೇವಾಂಶಕ್ಕೆ ಒಣಗಿಸಿದ ಬೇರು'. ಕೋಲಿಯಸ್ ಬೇರಿನಲ್ಲಿ ನೀರೇ ಜಾಸ್ತಿ. ಹತ್ತು ಕೆಜಿ ಹಸಿ ಬೇರು ಒಣಗಿದರೆ ಹೆಚ್ಚುಕಮ್ಮಿ ಒಂದು ಕೆಜಿ ಉಳಿಯುತ್ತೆ. ಅಂದರೆ ಕರಪತ್ರ ಹಸಿ ಬೇರಿನ ತೂಕ ಹೇಳಿತ್ತು, ಕರಾರು ಒಣ ಬೇರಿನ ದರ ಹೇಳಿತ್ತು. ಎರಡನ್ನೂ ಗುಣಿಸಿದ್ದು ನಾವು.

ಈಗ ಸರಿಯಾದ ಗುಣಾಕಾರ ಮಾಡಿ. 8 ಟನ್ ಹಸಿ ಅಂದರೆ ಒಣಗಿದ್ದು 800 ಕೆಜಿ. 60ರಂತೆ 48 ಸಾವಿರ. ಸಸಿಗೇ 60 ಸಾವಿರ ಹೋಗಿತ್ತು. ಅಂದರೆ ಕರಪತ್ರದಲ್ಲಿ ಹೇಳಿದಷ್ಟೇ ಇಳುವರಿ ಬಂದು, ಕಂಪನಿ ಪ್ರತಿಯೊಂದು ಕೆಜಿಯನ್ನೂ ಕೊಂಡು, ಮಾತಿನಂತೆ ದುಡ್ಡು ಕೊಟ್ಟಿದ್ದರೂ ಕಾಕಾಗೆ ನಷ್ಟವೇ. ಕಳೆ, ಗೊಬ್ಬರ, ಅಗೆಯೋ ಕೂಲಿ ಇನ್ನೂ ಸೇರಿಸೇ ಇಲ್ಲ. ಇಂಥ ಕರಾರು ನೋಡಿದಾಗ 'ಕಂಪನಿ ಓಡಿಹೋದರೆ ಏನ್ ಗತಿ' ಅಂತ ಎಲ್ಲರೂ ಕೇಳ್ತಾರೆ. ಕಂಪನಿ ಮಾತು ಉಳಿಸಿಕೊಂಡರೆ ನಮಗೆ ಎಷ್ಟು ಉಳಿಯುತ್ತೆ ಅನ್ನೋದನ್ನ ಅದಕ್ಕಿಂತ ಮೊದಲು ಲೆಕ್ಕ ಹಾಕಬೇಕು.

ಹೇಗೋ ಒಣಗಿಸಿದರು. 620 ಕೆಜಿ ಆಯ್ತು. ಕಂಪನಿ ಗಾಡಿ ಬಂದದ್ದು 25 ದಿನಕ್ಕೆ. ಅಷ್ಟರಲ್ಲಿ ಮೋಡ ಹಾಕಿ ಕೆಲವು ಚೀಲಗಳಿಗೆ ಬೂಸ್ಟು ಹತ್ತಿತ್ತು. 400 ಕೆಜಿ ತಗೊಂಡು ಉಳಿದದ್ದನ್ನ 'ಫೋರ್ಸ್ಕೋಲಿನ್ ಕಡಿಮೆ' ಅಂತ ಬಿಟ್ಟು ಹೋದರು. 24 ಸಾವಿರ ಸಿಕ್ಕಿತು. ಕರಾರಿನಲ್ಲಿ ನೋಡಿದೆ: 'ಕಂಪನಿಯ ಗುಣಮಟ್ಟಕ್ಕೆ ಒಳಪಟ್ಟ ಬೇರನ್ನು ಮಾತ್ರ'. ಆ ಗುಣಮಟ್ಟ ಎಷ್ಟು ಅಂತ ಅಂಕಿ ಇಲ್ಲ. ಫೋರ್ಸ್ಕೋಲಿನ್ ಕಣ್ಣಿಗೆ ಕಾಣೋ ವಸ್ತುವಲ್ಲ. ತಳಿ, ಮಣ್ಣು, ಕಿತ್ತ ಸಮಯದ ಮೇಲೆ ಏರಿಳಿಯುತ್ತೆ, ಲ್ಯಾಬ್‌ನಲ್ಲಿ ಮಾತ್ರ ಗೊತ್ತಾಗುತ್ತೆ. ಲ್ಯಾಬ್ ಕಂಪನಿಯದು, ಸ್ಯಾಂಪಲ್ ತೆಗೆಯೋನು ಕಂಪನಿಯವನು. ತಳಿ ಕೊಟ್ಟವರೂ ಅವರೇ! ಎಷ್ಟು ದಿನದಲ್ಲಿ ಮಾಲು ಎತ್ತಬೇಕು ಅನ್ನೋದಕ್ಕೂ ಅಂಕಿ ಇಲ್ಲ. ಆದರೆ ಕಾಕಾ ಬೇರೆಯವರಿಗೆ ಮಾರಿದರೆ ಎಷ್ಟು ದಂಡ ಅನ್ನೋದಕ್ಕೆ ಮಾತ್ರ ಅಂಕಿ ಇತ್ತು. ನೋಟರಿ ಸೀಲು ಏನು ಹೇಳುತ್ತೆ ಅಂದರೆ, ಸಹಿ ಹಾಕಿದ್ದು ಇವರೇ ಅಂತ ಅಷ್ಟೇ. ಕರಾರು ನ್ಯಾಯವಾಗಿದೆ ಅಂತಲ್ಲ.

ಹಾಗಂತ ಬೈಬ್ಯಾಕ್ ಅನ್ನೋದೇ ಮೋಸ ಅಂದ್ಕೋಬೇಡಿ. ಕರ್ನಾಟಕದಲ್ಲೇ ಮಿಡಿ ಸೌತೆಯನ್ನ, ಅಂದ್ರೆ ಗರ್ಕಿನ್ ಅನ್ನ, ವರ್ಷಗಳಿಂದ ಕರಾರಿನ ಮೇಲೆ ಬೆಳೀತಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಕಂಪನಿ ಬೀಜ, ಗೊಬ್ಬರ ಸಾಲವಾಗಿ ಕೊಟ್ಟು ಆಮೇಲೆ ಕಾಯಿ ದುಡ್ಡಲ್ಲಿ ಮುರಿದುಕೊಳ್ಳುತ್ತೆ. ಗ್ರೇಡ್ ಅಂದ್ರೆ ಕೆಜಿಗೆ ಎಷ್ಟು ಕಾಯಿ ತೂಗುತ್ತೆ ಅನ್ನೋ ಲೆಕ್ಕ. ಯಾರು ಬೇಕಾದರೂ ಎಣಿಸಬಹುದು. ಅಲ್ಲೂ ಜಗಳಗಳಿವೆ, ಆದರೆ ಬೆಳೆ ಬರದಿದ್ದರೆ ಕಂಪನಿ ಹಾಕಿದ ದುಡ್ಡೂ ಸಿಕ್ಕಿಹಾಕ್ಕೊಳ್ಳುತ್ತೆ. ಕಾಕಾನ ಕರಾರಿನಲ್ಲಿ ನಾಟಿ ದಿನವೇ ಕಂಪನಿಯ ಲಾಭ ಕೈಗೆ ಬಂದಾಗಿತ್ತು. ಬೇರು ಬಂದರೆಷ್ಟು, ಬಿಟ್ಟರೆಷ್ಟು?

ಈ ವರ್ಷ ಏಜೆಂಟ್ ಮತ್ತೆ ಬಂದ. ಎರಡು ಎಕರೆ ಮಾಡಿದರೆ ಸಸಿಗೆ ರಿಯಾಯಿತಿ ಅಂದನಂತೆ. ನಾನು ರಜೆ ಹಾಕಿ ಊರಿಗೆ ಹೋದೆ. ಹೊರಡೋ ಮುಂಚೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟ್‌ನಲ್ಲಿ (mca.gov.in) ಕಂಪನಿ ಹೆಸರು ಹುಡುಕಿದೆ. ಯಾವಾಗ ಶುರುವಾಯ್ತು, ಹೂಡಿದ ಬಂಡವಾಳ ಎಷ್ಟು ಅಂತ ಅಲ್ಲಿ ಸಿಗುತ್ತೆ. ಎರಡು ವರ್ಷದ ಕಂಪನಿ, ಬಂಡವಾಳ 1 ಲಕ್ಷ. ನಮ್ಮ ತಾಲ್ಲೂಕಿನ ಮಾಲನ್ನೆಲ್ಲ ಕೊಳ್ತೀವಿ ಅಂತ ಬರೆದುಕೊಟ್ಟಿದ್ದು ಇವರು.

ಕಟ್ಟೆ ಮೇಲೆ ಕೂತು ಕಾಕಾ ನಾನು ಹೊಸ ಕರಾರಿನ ಅಂಚಿಗೆ ಪೆನ್ಸಿಲ್‌ನಲ್ಲಿ ನಾಲ್ಕು ಸಾಲು ಬರೆದೆವು. ದರದ ಪಕ್ಕದಲ್ಲೇ 'ಒಣ ಬೇರು' ಅಂತ ಬರೆದು, ತೇವಾಂಶ ಎಷ್ಟು ಪರ್ಸೆಂಟ್ ಅಂತ ಹಾಕಬೇಕು. ಫೋರ್ಸ್ಕೋಲಿನ್ ಕನಿಷ್ಠ ಎಷ್ಟಿರಬೇಕು ಅಂತ ಅಂಕಿ ಬೇಕು, ಸ್ಯಾಂಪಲ್ ಎರಡು ಪಾಲು ಮಾಡಿ ಸೀಲ್ ಹಾಕಿ ಒಂದು ನಮ್ಮ ಹತ್ತಿರ ಇರಬೇಕು, ತಕರಾರು ಬಂದರೆ ಮೂರನೇ ಲ್ಯಾಬ್. ತಿಳಿಸಿದ ಏಳು ದಿನದೊಳಗೆ ಮಾಲು ಎತ್ತದಿದ್ದರೆ ಯಾರಿಗಾದರೂ ಮಾರೋ ಹಕ್ಕು ನಮ್ಮದು, ದಂಡ ಇಲ್ಲ. ಸಸಿ ದುಡ್ಡು ಮುಂಗಡ ಇಲ್ಲ, ಬೇರಿನ ಹಣದಲ್ಲಿ ಮುರಿದುಕೊಳ್ಳಲಿ.

ಏಜೆಂಟ್ ಓದಿ, 'ಹೆಡ್ ಆಫೀಸಿಗೆ ಕೇಳ್ತೀನ್ರಿ' ಅಂತ ಹೋದ. ಇನ್ನೂ ಕೇಳ್ತಾನೇ ಇದ್ದಾನೆ.

ಅವನು ಹೋದಮೇಲೆ ಕಾಕಾ ಬಾವಿ ಹತ್ತಿರ ಕರ್ಕೊಂಡು ಹೋದರು. ಹೋದ ವರ್ಷದ್ದರಲ್ಲಿ ಕೀಳದೆ ಬಿಟ್ಟ ಒಂದು ಸಾಲು ಮಕಂದಿ ಗಿಡ ಅಲ್ಲಿ ಹುಲುಸಾಗಿ ಬೆಳೆದಿತ್ತು. ಗೇಣುದ್ದದ ಒಂದು ಕುಡಿ ಚಿವುಟಿ ಹಸಿ ಮಣ್ಣಿಗೆ ಊರಿದರು. 'ಇಷ್ಟ ಮಾಡಿದ್ರ ಹತ್ತತೈತಿ ನೋಡ್ ತಮ್ಮಾ. ಇದಕ್ಕ ನಾಕ ರೂಪಾಯಿ ಕೊಟ್ಟೇನಿ.'

ನಾನು ಕರಾರು ತೆಗೆದು ಮತ್ತೆ ಐದನೇ ಪುಟ ನೋಡಿದೆ. ಎರಡು ಸಲವೂ ನನ್ನ ಕಣ್ಣು ದಾಟಿ ಹೋಗಿದ್ದ ಸಾಲು ಅಲ್ಲಿತ್ತು: 'ರೈತನು ಪ್ರತಿ ಹಂಗಾಮಿಗೂ ಕಂಪನಿಯ ಸಸಿಗಳನ್ನೇ ಖರೀದಿಸತಕ್ಕದ್ದು.' ಅವರ ವ್ಯಾಪಾರ ಬೇರಿನದಾಗಿರಲಿಲ್ಲ, ಕುಡಿಯದ್ದು. ಪಾಟ್ಲಿ ಇನ್ನೂ ಸೊಸೈಟಿಯಲ್ಲೇ ಇವೆ. ಈಗ ಅದರ ಬಡ್ಡಿ ನಾನು ಕಟ್ತಿದ್ದೀನಿ.