ಜೂನ್ ತಿಂಗಳ ಜೆರಾಕ್ಸ್ ಬಿಲ್ಲು

ಪತ್ರಿಕೋದ್ಯಮ ಓದಿ ಊರಿಗೆ ಬಂದ ನಾವು ಮೂವರು ಬಸ್ ಸ್ಟ್ಯಾಂಡ್ ಎದುರು ಒಂದು ಜೆರಾಕ್ಸ್ ಅಂಗಡಿ ಹಾಕಿದೆವು. ಮಷಿನ್ ಕೊಳ್ಳುವಷ್ಟು ದುಡ್ಡಿರಲಿಲ್ಲ, ಬಾಡಿಗೆಗೆ ತಂದೆವು. ಪೇಪರ್ ನಮ್ಮದು, ಟೋನರ್, ರಿಪೇರಿ ಕಂಪನಿಯವರದು. ಕರಾರು ಹೀಗಿತ್ತು: ತಿಂಗಳಿಗೆ ಕನಿಷ್ಠ 5,000 ಕಾಪಿ, ಒಂದಕ್ಕೆ 50 ಪೈಸೆ. ತೆಗೆದರೂ ಬಿಟ್ಟರೂ 2,500 ರೂಪಾಯಿ ಕಟ್ಟಲೇಬೇಕು. ಅದಕ್ಕಿಂತ ಹೆಚ್ಚಾದ ಪ್ರತಿ ಕಾಪಿಗೆ 70 ಪೈಸೆ. ಮೇಲೆ ಶೇ. 18 ಜಿಎಸ್‌ಟಿ.

ಏಪ್ರಿಲ್‌ನಲ್ಲಿ 3,200, ಮೇನಲ್ಲಿ 4,100 ಕಾಪಿ ಆಯಿತು. ಎರಡೂ ತಿಂಗಳು ಬಿಲ್ಲು 2,950. ಉಳಿದ ಕಾಪಿ ಜೂನ್‌ಗೆ ಬರುತ್ತದೆ ಅಂದುಕೊಂಡು ನಾವು ಆರಾಮಾಗಿದ್ದೆವು.

ಜೂನ್‌ನಲ್ಲಿ ಶಾಲೆ ಅಡ್ಮಿಷನ್, ಬೆಳೆ ಸಾಲದ ಕಾಗದ ಅಂತ ಜನ ಸಾಲುಗಟ್ಟಿದರು. 9,400 ಕಾಪಿ ಆಯಿತು. ಬಿಲ್ಲು ಬಂದಾಗ ಎದೆ ಧಸಕ್ ಎಂದಿತು. ಹೆಚ್ಚುವರಿ 4,400 ಕಾಪಿಗೇ 3,080 ರೂಪಾಯಿ. ಜಿಎಸ್‌ಟಿ ಸೇರಿ ಒಟ್ಟು 6,584.

"ಹಿಂದಿನ ಎರಡು ತಿಂಗಳು ಉಳಿದದ್ದು ಎಲ್ಲಿ ಹೋಯ್ತಣ್ಣ?" ಅಂತ ಬಿಲ್ಲು ತಂದ ಹುಡುಗನನ್ನು ಕೇಳಿದೆವು.

"ಅದು ಮುಂದಕ್ಕೆ ಬರಲ್ಲ ಸರ್, ಕರಾರಲ್ಲೇ ಇದೆ ನೋಡಿ" ಅಂದ. ನೋಡಿದರೆ ನಿಜ. ದಿನದ ಡೇಟಾ ಬಳಸದಿದ್ದರೆ ರಾತ್ರಿ ಹನ್ನೆರಡಕ್ಕೆ ಹೋಗುವ ಹಾಗೆಯೇ ಇದೂ. ಅಂಗಡಿ ಬಾಡಿಗೆಗೆ ಇಟ್ಟಿದ್ದ ದುಡ್ಡನ್ನು ಬಿಲ್ಲಿಗೆ ಕಟ್ಟಿ, ಮಾಲೀಕರ ಹತ್ತಿರ ಹದಿನೈದು ದಿನ ಟೈಮ್ ಕೇಳಿದೆವು.

ಜುಲೈನಿಂದ ಮಷಿನ್ನಿನ ಮೀಟರ್ ರೀಡಿಂಗನ್ನು ದಿನಾ ಸಂಜೆ ಬರೆದಿಡತೊಡಗಿದೆವು. ಎರಡೂ ಬದಿ ತೆಗೆದ ಒಂದು ಹಾಳೆಯನ್ನು ಮೀಟರ್ ಎರಡು ಕಾಪಿ ಅಂತ ಎಣಿಸುವುದು ಆಗಲೇ ನಮಗೆ ಗೊತ್ತಾದದ್ದು. ಗಲ್ಲಾಪೆಟ್ಟಿಗೆಯ ಲೆಕ್ಕ ನಂಬಿ ಕೂತರೆ ಆಗದು.

11ನೇ ತಾರೀಖಿಗೆ, ಭಾನುವಾರ ಬಿಟ್ಟು 10 ದಿನಕ್ಕೆ 3,120 ಕಾಪಿ ಆಗಿತ್ತು. ಅಂದರೆ ದಿನಕ್ಕೆ 312. ಅಂಗಡಿ ತೆರೆಯುವ 27 ದಿನವೂ ಹೀಗೇ ನಡೆದರೆ ಬಿಲ್ಲು 5,778 ಆಗಬೇಕು. ಆದರೆ ಪುಸ್ತಕ ನೋಡಿದರೆ, ಅಡ್ಮಿಷನ್ ಗಲಾಟೆ ಮುಗಿದು ಕೊನೆಯ ಮೂರು ದಿನ 220ರ ಆಸುಪಾಸಿಗೆ ಇಳಿದಿತ್ತು. ಅದಕ್ಕೆ ಆದದ್ದನ್ನು ಹಾಗೇ ಇಟ್ಟು, ಉಳಿದ 17 ದಿನಕ್ಕೆ ಮಾತ್ರ 220ರಂತೆ 3,740 ಸೇರಿಸಿದೆವು. ಒಟ್ಟು 6,860. ಕನಿಷ್ಠದ 5,000 ಕಳೆದರೆ 1,860 ಹೆಚ್ಚುವರಿ. ಅದಕ್ಕೆ 1,302, ಜೊತೆಗೆ 2,500, ಮೇಲೆ ಜಿಎಸ್‌ಟಿ: 4,486 ರೂಪಾಯಿ.

ಅಷ್ಟನ್ನು ಒಂದು ಕವರಿನಲ್ಲಿ ಬೇರೆ ಎತ್ತಿಟ್ಟೆವು. ತಿಂಗಳ ಕೊನೆಗೆ 6,710 ಕಾಪಿ ಆಗಿತ್ತು, ಬಿಲ್ಲು 4,362 ಬಂತು. ಅಂಗಡಿ ಬಾಡಿಗೆಯನ್ನು ಆ ಸಲ ತಾರೀಖಿಗೆ ಸರಿಯಾಗಿ ಕೊಟ್ಟೆವು.

ಕವರಿನಲ್ಲಿ ಉಳಿದ 124 ರೂಪಾಯಿ ಅಲ್ಲೇ ಇದೆ. ಮುಂದಿನ ಜೂನ್‌ಗೆ ಈಗಿನಿಂದಲೇ ಕೂಡಿಸುತ್ತಿದ್ದೇವೆ.