ಮೂಲದಲ್ಲಿದ್ದಂತೆ

ಹಲಸೂರಿನ ವಕೀಲರೊಬ್ಬರ ಗುಮಾಸ್ತರು ಕರಡು ತಿದ್ದುವ ನನಗೆ ಕಳಿಸಿದ ಮೆಸೇಜು:

"ಮೇಡಂ, ಕೆ.ಆರ್. ಪುರದ ಸೈಟಿನ ಹಳೇ ಕ್ರಯಪತ್ರದ ಟೈಪಾದ ಪ್ರತಿ ಕಳಿಸಿದ್ದೀನಿ. ಷೆಡ್ಯೂಲು ಮಾತ್ರ ಮೂಲದ ಜೊತೆ ಅಕ್ಷರಕ್ಕಕ್ಷರ ನೋಡಿ. ಸರ್ವೆ ನಂಬರು, ಚಕ್ಕುಬಂದಿ, ಅಳತೆ. ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30. ಅದಲುಬದಲಾದರೂ 1200 ಚದರಡಿಯೇ ಬರುತ್ತೆ, ಮೊತ್ತ ನೋಡಿ ಬಿಟ್ಟುಬಿಡಬೇಡಿ. ಹೆಸರು ಮೂಲದಲ್ಲೇ ತಪ್ಪಿದ್ದರೆ ಹಾಗೇ ಇರಲಿ, ಬೇರೆ ಹಾಳೆಯಲ್ಲಿ ಬರೆದುಕೊಡಿ."

ಎಷ್ಟು ಸರಿಯಾದ ಸೂಚನೆ! ನಾನು ಮುನಿಸಾಮಿಯನ್ನು ಮುನಿಸ್ವಾಮಿ ಮಾಡಿದರೆ ಪ್ರತಿ ಮೂಲಕ್ಕೆ ಹೊಂದುವುದಿಲ್ಲ, ಎದುರು ಪಕ್ಷದವರು ಅದನ್ನೇ ಹಿಡಿಯುತ್ತಾರೆ. ದಾವಾಪತ್ರದ ಮಾತು ಬೇರೆ. ಅದು ವಕೀಲರದೇ ಬರಹ, ಸಲ್ಲಿಸುವ ಮುಂಚೆ ಕಾಗುಣಿತ ಧಾರಾಳವಾಗಿ ತಿದ್ದಬಹುದು. ಸಲ್ಲಿಸಿದ ಮೇಲೆ ಷೆಡ್ಯೂಲು ತಿದ್ದಲು ಕೋರ್ಟಿಗೆ ಅರ್ಜಿ ಹಾಕಬೇಕು.