ಫೆಬ್ರವರಿಯ ಭುಜ, ಜುಲೈನ ಟ್ಯೂಬ್‌ಲೈಟ್

ಜುಲೈ ಮೊದಲ ವಾರದ ಒಂದು ಬೆಳಿಗ್ಗೆ ಫೋನಿನಲ್ಲಿ ನನ್ನವೇ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಒಂದು ಫೆಬ್ರವರಿಯದು, ಇನ್ನೊಂದು ಆವತ್ತೇ ತೆಗೆದದ್ದು. ಫೆಬ್ರವರಿಯಲ್ಲಿ ಭುಜ ದುಂಡಗೆ ಎದ್ದು ಕಾಣ್ತಿತ್ತು, ಭುಜಕ್ಕೂ ತೋಳಿಗೂ ನಡುವೆ ಒಂದು ಗೆರೆ ಇತ್ತು. ಜುಲೈನಲ್ಲಿ ಅದೇನೂ ಇಲ್ಲ, ಮೈದಾಹಿಟ್ಟಿನ ಮುದ್ದೆ ಥರ ನಯವಾದ ತೋಳು. ಐದು ತಿಂಗಳು ಬೆಳಿಗ್ಗೆ ಆರಕ್ಕೆ ಎದ್ದು ಜಿಮ್‌ಗೆ ಹೋಗಿದ್ದು ಇದಕ್ಕಾ ಅನ್ನಿಸಿತು.

ವಿಚಿತ್ರ ಅಂದ್ರೆ, ಅದೇ ಐದು ತಿಂಗಳಲ್ಲಿ ಶೋಲ್ಡರ್ ಪ್ರೆಸ್‌ನಲ್ಲಿ ನಾಲ್ಕು ಕೆಜಿ ಡಂಬೆಲ್‌ನಿಂದ ಏಳೂವರೆಗೆ ಬಂದಿದ್ದೆ. ಸ್ನಾಯು ಕರಗಿದ್ರೆ ತೂಕ ಎತ್ತೋದು ಹೇಗೆ ಹೆಚ್ಚಾಗತ್ತೆ ಅಂತ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಕೊಬ್ಬು ಮುಚ್ಚಿಕೊಂಡಿದೆ ಅಂತ ತೀರ್ಮಾನಿಸಿ ರಾತ್ರಿ ಊಟ ಬಿಟ್ಟೆ. ಮೂರು ವಾರ. ಪ್ರೆಸ್ ಆರು ಕೆಜಿಗೆ ಇಳಿಯಿತು, ಒಂದು ಸಂಜೆ ಮೆಟ್ರೊದಲ್ಲಿ ಕಣ್ಣು ಕತ್ತಲೆ ಬಂದು ಕಂಬ ಹಿಡಿದು ನಿಂತೆ.

ಆ ತಿಂಗಳ ಕೊನೆಗೆ ಹಾಸನದಿಂದ ತಮ್ಮ ಬಂದ. ಅವನು ಮದುವೆ ಫೋಟೊ ತೆಗೆಯುವವನು, ಜಿಮ್ ಕಡೆ ತಲೆಯೂ ಹಾಕಿದವನಲ್ಲ. ರಾತ್ರಿ ತಟ್ಟೆ ಹಾಕಲ್ಲ ಅಂದಾಗ ಜಗಳ ಆಯ್ತು, ಜಗಳದಲ್ಲಿ ಫೋಟೊ ತೋರಿಸಿದೆ. ಅವನು ನನ್ನ ತೋಳು ನೋಡಲೇ ಇಲ್ಲ. ಗಲ್ಲದ ಕೆಳಗೆ ಬೆರಳಿಟ್ಟು, "ಅಕ್ಕಾ, ಇದರಲ್ಲಿ ಲೈಟು ತಲೆ ಮೇಲಿದೆ. ಇನ್ನೊಂದ್ರಲ್ಲಿ ಮುಖದ ಎದುರಿಗಿದೆ. ಇವೆರಡನ್ನ ಹೆಂಗೆ ಹೋಲಿಸ್ತೀಯೆ ನೀನು?" ಅಂದ.

ಫೆಬ್ರವರಿಯ ಫೋಟೊ ಜಿಮ್‌ನ ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯಲ್ಲಿ ತೆಗೆದದ್ದು. ಅಲ್ಲಿ ಸೀಲಿಂಗ್‌ನಲ್ಲಿ ಒಂದೇ ಸ್ಪಾಟ್‌ಲೈಟ್. ಬೆಳಕು ನೇರ ಮೇಲಿಂದ ಬಿದ್ದರೆ ಮೈಮೇಲಿನ ಪ್ರತಿ ಉಬ್ಬಿನ ಕೆಳಗೂ ನೆರಳು ಬೀಳುತ್ತದೆ. ನಾವು 'ಕಟ್ಸ್' ಅಂತ ಕರೆಯುವುದು ಫೋಟೊದಲ್ಲಿ ಆ ನೆರಳನ್ನೇ. ಮನೆಯಲ್ಲಿ ಟ್ಯೂಬ್‌ಲೈಟ್ ನನ್ನ ಎದುರು ಗೋಡೆಗಿದೆ, ಸುತ್ತ ಬಿಳಿ ಗೋಡೆ. ಎದುರಿನ ಬೆಳಕು ಹಳ್ಳದೊಳಕ್ಕೂ ಹೋಗುತ್ತದೆ, ಬಿಳಿ ಗೋಡೆಯಿಂದ ವಾಪಸ್ ಬಂದ ಬೆಳಕು ಉಳಿದ ನೆರಳನ್ನೂ ತುಂಬುತ್ತದೆ. ಗೆರೆ ಇದ್ದರೂ ಕಾಣುವುದಿಲ್ಲ. ಹಳೆಯ ಫೋಟೊದಲ್ಲಿ ಬೆಳಕು ಎಲ್ಲಿತ್ತು ಅಂತ ತಿಳಿಯಲು ಮೂಗು, ಗಲ್ಲ, ಕೊರಳ ಮೂಳೆಯ ಕೆಳಗಿನ ನೆರಳು ನೋಡಿದರೆ ಸಾಕು.

ಮಾರನೇ ದಿನ ಭಾನುವಾರ. "ಒಂದೇ ದಿನದಲ್ಲಿ ನಿನ್ನ ಎಷ್ಟು ಬದಲಾಯಿಸಬಹುದು ನೋಡೋಣ" ಅಂತ ಅವನು ನಾಲ್ಕು ಫೋಟೊ ತೆಗೆದ. ಮೊದಲನೆಯದು ಬೆಳಿಗ್ಗೆ ಎದ್ದ ಹಾಗೇ, ಎದುರು ಟ್ಯೂಬ್‌ಲೈಟ್, ಕೈ ಸಡಿಲ ಬಿಟ್ಟು, ಎರಡೂವರೆ ಮೀಟರ್ ದೂರದಿಂದ. ಎರಡನೆಯದಕ್ಕೆ ಟ್ಯೂಬ್ ಆರಿಸಿ, ಪರದೆ ಎಳೆದು, ತಲೆಯ ಮೇಲಿನ ಬಲ್ಬ್ ಮಾತ್ರ ಹಾಕಿದ. ಬೇರೇನೂ ಬದಲಾಗಿಲ್ಲ, ಆದರೆ ಕಳೆದುಹೋಗಿದ್ದ ಗೆರೆ ಅಲ್ಲೇ ಇತ್ತು! ನಾಲ್ಕರಲ್ಲಿ ಅತಿ ದೊಡ್ಡ ವ್ಯತ್ಯಾಸ ಇದೇ.

ಮೂರನೆಯದಕ್ಕೆ ಮೊದಲು ನನ್ನಿಂದ ಪುಷ್‌ಅಪ್, ಲ್ಯಾಟರಲ್ ರೈಸ್ ಮೂರು ಮೂರು ಸೆಟ್ ಮಾಡಿಸಿದ. ಇದು ಪಂಪ್. ಕೆಲಸ ಮಾಡಿದ ಸ್ನಾಯುವಿಗೆ ರಕ್ತ ನುಗ್ಗಿ, ನೀರಿನಂಶವೂ ಸೇರಿ ಅದು ಊದಿಕೊಳ್ಳುತ್ತದೆ. ಟೇಪ್‌ನಲ್ಲಿ ತೋಳು 28ರಿಂದ 28.7 ಸೆಂ.ಮೀ. ಆಯ್ತು. ಒಂದೆರಡು ಗಂಟೆಯಲ್ಲಿ ಅದು ಇಳಿದೂ ಹೋಯ್ತು. ಸಂಖ್ಯೆ ಚಿಕ್ಕದು, ಆದರೆ ಮೇಲಿನ ಬೆಳಕಿನಲ್ಲಿ ಆ ಚಿಕ್ಕ ಉಬ್ಬು ಇನ್ನಷ್ಟು ಉದ್ದದ ನೆರಳು ಬೀಳಿಸುತ್ತದೆ. ಬೆವರಿನ ಹೊಳಪು, ಚರ್ಮದ ಕೆಂಪು ಕಂಡರೆ ಅದು ವರ್ಕ್‌ಔಟ್ ನಂತರದ ಫೋಟೊ ಅಂದ್ಕೊಳ್ಳಿ.

ನಾಲ್ಕನೆಯದು ಫೆಬ್ರವರಿಯ ನಕಲು. ಕನ್ನಡಿಗೆ ಹತ್ತಿರ ನಿಂತು, ಫೋನಿನ ಕಡೆಗೆ ಭುಜ ತಿರುಗಿಸಿ, ಸೊಂಟ ಹಿಂದಕ್ಕೆ. ಸೊಂಟ ತಿರುಗಿದರೆ ಕಿರಿದಾಗಿ ಕಾಣುವುದು ಎಲ್ಲರಿಗೂ ಗೊತ್ತು. ದೂರದ ಲೆಕ್ಕ ಮಾತ್ರ ನನಗೆ ಹೊಸದು. ಕನ್ನಡಿ ಫೋಟೊದಲ್ಲಿ ದೂರ ಅಂದರೆ ಫೋನಿನಿಂದ ಕನ್ನಡಿಗೆ, ಕನ್ನಡಿಯಿಂದ ಮೈಗೆ, ಎರಡನ್ನೂ ಕೂಡಿಸಬೇಕು. ನನ್ನ ಭುಜ ಹಾಗೆ 80 ಸೆಂ.ಮೀ. ದೂರದಲ್ಲಿತ್ತು, ಸೊಂಟ 95ರಲ್ಲಿ. 95ನ್ನು 80ರಿಂದ ಭಾಗಿಸಿದರೆ, ಸೊಂಟಕ್ಕೆ ಹೋಲಿಸಿದಾಗ ಭುಜ ಸುಮಾರು 19% ದೊಡ್ಡದಾಗಿ ಬರುತ್ತದೆ. ಅದೇ ಭಂಗಿಯಲ್ಲಿ ಎರಡೂವರೆ ಮೀಟರ್ ದೂರ ನಿಂತರೆ 265 ಭಾಗಿಸು 250, ಅಂದರೆ 6% ಮಾತ್ರ. ನನ್ನ 'ದುಂಡು ಭುಜ'ದಲ್ಲಿ ಎಷ್ಟು ಪಾಲು ಬರೀ ಹತ್ತಿರ ನಿಂತದ್ದರಿಂದ ಬಂದಿತ್ತೋ!

ಮೊದಲ ಮತ್ತು ನಾಲ್ಕನೇ ಫೋಟೊಗಳ ನಡುವೆ ಇದ್ದದ್ದು ಮುಕ್ಕಾಲು ಗಂಟೆ. ವ್ಯತ್ಯಾಸ ನೋಡಿದರೆ ಫೆಬ್ರವರಿ-ಜುಲೈ ನಡುವಿನದ್ದಕ್ಕಿಂತ ಜಾಸ್ತಿ. ಆವತ್ತು ರಾತ್ರಿ ಎರಡು ತಟ್ಟೆ ಅನ್ನ-ಸಾರು ಉಂಡೆ.

ಹಾಗಾದರೆ ನಿಜಕ್ಕೂ ಏನಾಗಿತ್ತು? ಇದು ತಿಳಿಯಲು ಇದ್ದದ್ದು ಒಂದೇ ದಾರಿ, ಹಳೆಯ ಫೋಟೊ ತೆಗೆದ ಸನ್ನಿವೇಶವನ್ನೇ ಮತ್ತೆ ಕಟ್ಟುವುದು. ಆಗಸ್ಟ್ ಮಧ್ಯದಲ್ಲಿ, ಪ್ರೆಸ್ ಮತ್ತೆ ಏಳೂವರೆಗೆ ಬಂದ ಮೇಲೆ, ಶೋಲ್ಡರ್ ದಿನದ ಕೊನೇ ಸೆಟ್ ಮುಗಿಸಿ ಅದೇ ಕೋಣೆಗೆ ಹೋದೆ. ಹಳೇ ಫೋಟೊದಲ್ಲಿ ಮೊಣಕೈ ಹಿಂದೆ ಒಂದು ಟೈಲ್ಸ್ ಗೆರೆ, ಪಕ್ಕದಲ್ಲಿ ಬಾಗಿಲ ಚಿಲಕ ಕಾಣ್ತಿತ್ತು. ಅವೆರಡೂ ಅದೇ ಜಾಗಕ್ಕೆ ಬರುವ ತನಕ ಹಿಂದೆ ಮುಂದೆ ಸರಿದೆ. ಹೊರಗೆ ಯಾರೋ ಬಾಗಿಲು ತಟ್ಟುತ್ತಾ ಇದ್ರು, ಪಾಪ. ಮನೆಗೆ ಬಂದು ಬಾಗಿಲ ಚೌಕಟ್ಟಿನ ಅಗಲ ಎರಡರಲ್ಲೂ ಒಂದೇ ಆಗುವ ಹಾಗೆ ಕ್ರಾಪ್ ಮಾಡಿದೆ. ಮೈಯನ್ನು ಸಮ ಮಾಡಿ ಕ್ರಾಪ್ ಮಾಡಿದರೆ ನೋಡಬೇಕಾದ ವ್ಯತ್ಯಾಸವೇ ಅಳಿಸಿಹೋಗುತ್ತೆ, ಮೊದಲ ಸಲ ಅದೇ ತಪ್ಪು ಮಾಡಿದ್ದೆ.

ಭುಜ-ತೋಳಿನ ನಡುವಿನ ಗೆರೆ ಫೆಬ್ರವರಿಗಿಂತ ಆಳ ಇತ್ತು, ತೋಳಿನ ಹಿಂಭಾಗದಲ್ಲಿ ಮೊದಲಿಲ್ಲದ ಒಂದು ಅಂಚು ಬಂದಿತ್ತು. ಸೊಂಟ ಇದ್ದ ಹಾಗೇ ಇತ್ತು. ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಹೊಟ್ಟೆ ಸ್ವಲ್ಪ ಚಪ್ಪಟೆ ಕಂಡಿತು, ಆದರೆ ಅದನ್ನು ನಂಬಲ್ಲ. ಮುಟ್ಟಿಗೆ ಮೊದಲಿನ ದಿನಗಳಲ್ಲಿ ನನ್ನ ಮೈ ನೀರು ಹಿಡಿಯುತ್ತೆ, ಫೆಬ್ರವರಿಯಲ್ಲಿ ಅದು ಯಾವ ದಿನ ಅಂತ ಬರೆದಿಟ್ಟಿರಲಿಲ್ಲ.

ಈಗ ಮುಟ್ಟಾದ ಎಂಟನೇ ದಿನ, ಬೆಳಿಗ್ಗೆ ತಿಂಡಿಗೆ ಮೊದಲು, ಹಿಂದಿನ ದಿನ ಜಿಮ್ ಇಲ್ಲದೆ ಫೋಟೊ ತೆಗೀತೀನಿ. ಪರದೆ ಎಳೆದು ಮೇಲಿನ ಬಲ್ಬ್ ಒಂದೇ. ಫೋನು ಕಪಾಟಿನ ಮೂರನೇ ಹಲಗೆ ಮೇಲೆ, ಹೊಕ್ಕಳ ಎತ್ತರಕ್ಕೆ, ಹಿಂದಿನ ಕ್ಯಾಮೆರಾ, 1x, ಹತ್ತು ಸೆಕೆಂಡ್ ಟೈಮರ್, ಬ್ಯೂಟಿ ಫಿಲ್ಟರ್ ಆಫ್. ಎದುರು, ಪಕ್ಕ, ಹಿಂದೆ, ಮೂರೂ ಕೈ ಸಡಿಲ ಬಿಟ್ಟು, ಉಸಿರು ಸಹಜವಾಗಿ. ಚಂದದ ಫೋಟೊ ಒಂದೂ ಬರಲ್ಲ, ಯಾರಿಗೂ ತೋರಿಸೋ ಹಾಗಿಲ್ಲ.

ಎರಡೂವರೆ ಮೀಟರ್ ದೂರದಲ್ಲಿ ಹೆಜ್ಜೆ ಇಡುವ ಜಾಗಕ್ಕೆ ನೀಲಿ ಟೇಪ್ ಅಂಟಿಸಿದ್ದೀನಿ. ಹೋದ ತಿಂಗಳು ಅಮ್ಮ ಬಂದಾಗ ನೆಲ ಒರೆಸುತ್ತಾ ಅದನ್ನು ಕಿತ್ತು ಬಿಸಾಕಿದ್ರು. ಮತ್ತೆ ಅಳೆದು ಅಂಟಿಸಬೇಕಾಯ್ತು.